ಉತ್ತರದ ಜೊತೆ ಹೋಗುವ ಪತ್ರ

ಡೇಟಾ ಅನಲಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಬೆಂಗಳೂರಿನ ಎಷ್ಟೋ ಕಂಪನಿಗಳು ಮೊದಲ ಸುತ್ತಿನ ಮಾತುಕತೆ ಮುಗಿದ ಮೇಲೆ ಒಂದು ಟೇಕ್‌ಹೋಮ್ ಅಸೈನ್‌ಮೆಂಟ್ ಕಳಿಸುತ್ತವೆ. ಒಂದು ಡೇಟಾ ಫೈಲು, ಎರಡು ಮೂರು ಪ್ರಶ್ನೆ, ನಾಲ್ಕೈದು ದಿನದ ಗಡುವು. ಮನೆಯಲ್ಲೇ ಕೂತು ಮಾಡಿ ಕಳಿಸಬೇಕು. ಹುಡುಗರು ರಾತ್ರಿಯೆಲ್ಲ ಎದ್ದು ಚಾರ್ಟು ತಿದ್ದುತ್ತಾರೆ, ಕೋಡು ತಿದ್ದುತ್ತಾರೆ; ಕೊನೆಗೆ ಮೇಲ್‌ನಲ್ಲಿ ‘ಅಸೈನ್‌ಮೆಂಟ್ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ’ ಎಂದು ಒಂದೇ ಸಾಲು ಬರೆದು ಕಳಿಸಿಬಿಡುತ್ತಾರೆ. ಆದರೆ ನೋಡುವವರು ಮೊದಲು ಓದುವುದು ಆ ಮೇಲನ್ನೇ. ಉತ್ತರ ಯಾವ ಆಧಾರದ ಮೇಲೆ ಬಂತು ಎಂಬುದು ಅಲ್ಲಿಲ್ಲದಿದ್ದರೆ ಸರಿಯಾದ ಉತ್ತರವೂ ತಪ್ಪಿನಂತೆ ಕಾಣುತ್ತದೆ.

ಯಾಕೆ ಎನ್ನುವುದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆನ್‌ಲೈನ್ ದಿನಸಿ ಅಂಗಡಿಯೊಂದರ ಆರ್ಡರುಗಳ ಫೈಲು ಕೊಟ್ಟಿದ್ದಾರೆ. ಪ್ರಶ್ನೆ ಇಷ್ಟೇ: ಜನವರಿಯಲ್ಲಿ ಕೊಂಡ ಗ್ರಾಹಕರಲ್ಲಿ ಶೇಕಡ ಎಷ್ಟು ಮಂದಿ ಫೆಬ್ರವರಿಯಲ್ಲಿ ಮತ್ತೆ ಕೊಂಡರು?

ಫೈಲನ್ನು ಇದ್ದ ಹಾಗೇ ಎಣಿಸಿದರೆ ಜನವರಿಯಲ್ಲಿ 1,000 ಗ್ರಾಹಕರು, ಅವರಲ್ಲಿ ಫೆಬ್ರವರಿಗೂ ಬಂದವರು 320. ಉತ್ತರ ಶೇ. 32. ಇಲ್ಲಿಗೇ ನಿಲ್ಲಿಸಿ ಕಳಿಸುವವರೇ ಹೆಚ್ಚು. ಆದರೆ ಫೈಲಿನಲ್ಲಿ ಆರ್ಡರಿನ ಸ್ಥಿತಿ ಹೇಳುವ ಕಾಲಂ ಒಂದಿದೆ. ಕೆಲವು ಸಾಲುಗಳ ಎದುರು ‘ರದ್ದಾಗಿದೆ’ ಎಂದಿದೆ. ರದ್ದಾದ ಆರ್ಡರನ್ನು ‘ಕೊಂಡರು’ ಎನ್ನಲಾದೀತೇ? ಅವನ್ನು ಬಿಟ್ಟು ಎಣಿಸಿದರೆ ಜನವರಿಯಲ್ಲಿ 920 ಮಂದಿ, ಮತ್ತೆ ಬಂದವರು 276. ಉತ್ತರ ಶೇ. 30ಕ್ಕೆ ಇಳಿಯಿತು.

ಇನ್ನೂ ಹತ್ತಿರದಿಂದ ನೋಡಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಒಂದೇ ಫೋನ್ ನಂಬರಿಗೆ ಎರಡು ಗ್ರಾಹಕ ಐಡಿಗಳಿವೆ: ಒಂದು ಕಡೆ ನಂಬರಿನ ಮುಂದೆ +91 ಇದೆ, ಇನ್ನೊಂದು ಕಡೆ ಇಲ್ಲ. ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡವರಿಗೆ ಹೊಸ ಐಡಿ ಸಿಕ್ಕಿರಬಹುದು. ಜನವರಿಯಲ್ಲಿ ಹಳೆಯ ಐಡಿಯಿಂದ, ಫೆಬ್ರವರಿಯಲ್ಲಿ ಹೊಸದರಿಂದ ಅಕ್ಕಿಬೇಳೆ ತರಿಸಿದ ಮನುಷ್ಯ ಈ ಲೆಕ್ಕದಲ್ಲಿ ‘ಮತ್ತೆ ಬಾರದವನು’ ಆಗಿಬಿಟ್ಟಿದ್ದಾನೆ. ಫೋನ್ ನಂಬರಿನ ಪ್ರಕಾರ ಒಂದುಗೂಡಿಸಿ, ರದ್ದಾದವನ್ನೂ ಬಿಟ್ಟು ಎಣಿಸಿದರೆ 900 ಮಂದಿಯಲ್ಲಿ 297 ಮಂದಿ ಮರಳಿ ಬಂದಿದ್ದಾರೆ. ಉತ್ತರ ಶೇ. 33.

ಕಡೆಗೆ ಬಂದ 33, ಏನೂ ಯೋಚಿಸದೆ ಬಂದ 32ಕ್ಕೆ ಪಕ್ಕದಲ್ಲೇ ಇದೆ. ಎರಡು ತಪ್ಪುಗಳು ಒಂದನ್ನೊಂದು ಹೆಚ್ಚುಕಡಿಮೆ ಸರಿದೂಗಿಸಿದ್ದವು. ಬರೀ ಸಂಖ್ಯೆ ನೋಡಿದರೆ ಇಬ್ಬರು ಅಭ್ಯರ್ಥಿಗಳ ಕೆಲಸದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆ ವ್ಯತ್ಯಾಸ ಕಾಣಿಸುವುದು ಪತ್ರದಲ್ಲಿ ಮಾತ್ರ.

ಹಾಗಾದರೆ ಪತ್ರದಲ್ಲಿ ಏನಿರಬೇಕು? ಸಾಮಾನ್ಯವಾಗಿ ಇವನ್ನು ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಒಳಗಿನ ಸರಕು ಹೀಗಿದ್ದರೆ ಸಾಕು:

‘ನಮಸ್ಕಾರ ಮೇಡಂ. ಅಸೈನ್‌ಮೆಂಟ್ ಮುಗಿಸಿ ಕಳಿಸುತ್ತಿದ್ದೇನೆ. ಎರಡು ಪುಟದ ವರದಿ ಮತ್ತು ಕೋಡ್ ಫೈಲ್ ಲಗತ್ತಿಸಿದ್ದೇನೆ. ಮೊದಲು ವರದಿ ನೋಡಿದರೆ ಸಾಕು. ಜನವರಿಯ ಗ್ರಾಹಕರಲ್ಲಿ ಶೇ. 33 ಮಂದಿ ಫೆಬ್ರವರಿಯಲ್ಲಿ ಮತ್ತೆ ಕೊಂಡಿದ್ದಾರೆ. ಈ ಉತ್ತರಕ್ಕಾಗಿ ಎರಡು ವಿಷಯಗಳನ್ನು ನಾನೇ ತೀರ್ಮಾನಿಸಿದ್ದೇನೆ. ರದ್ದಾದ ಆರ್ಡರುಗಳನ್ನು ಖರೀದಿ ಎಂದು ಎಣಿಸಿಲ್ಲ. ಎಣಿಸಿದರೆ ಉತ್ತರ ಶೇ. 35 ಆಗುತ್ತದೆ. ಒಂದೇ ಫೋನ್ ನಂಬರಿನ ಐಡಿಗಳನ್ನು ಒಬ್ಬರೇ ಗ್ರಾಹಕರೆಂದು ಇಟ್ಟುಕೊಂಡಿದ್ದೇನೆ. ಬೇರೆ ಬೇರೆ ಎಂದು ಎಣಿಸಿದರೆ ಶೇ. 30. ಮನೆಮಂದಿಯೆಲ್ಲ ಒಂದೇ ನಂಬರ್ ಬಳಸುತ್ತಿದ್ದರೆ ಅವರೆಲ್ಲ ಇಲ್ಲಿ ಒಬ್ಬರಾಗಿರುತ್ತಾರೆ. ನಿಮ್ಮಲ್ಲಿ ಗ್ರಾಹಕರನ್ನು ಎಣಿಸುವ ರೀತಿ ಬೇರೆಯಿದ್ದರೆ ಕೋಡಿನ ಮೊದಲ ಎರಡು ಸಾಲು ಬದಲಿಸಿದರೆ ಸಾಕು. ಮೂರನೆಯ ಪ್ರಶ್ನೆಯ ಚಾರ್ಟನ್ನು ಸಮಯ ಸಾಲದೆ ಬಿಟ್ಟಿದ್ದೇನೆ.’

ಇಲ್ಲಿ ಗಮನಿಸಬೇಕಾದದ್ದು ಪ್ರತಿಯೊಂದು ಅಸಂಪ್ಷನ್ನಿನ ಪಕ್ಕದಲ್ಲೂ ಇರುವ ಸಂಖ್ಯೆ. ‘ರದ್ದಾದವನ್ನು ಬಿಟ್ಟಿದ್ದೇನೆ’ ಎಂದಷ್ಟೇ ಬರೆದರೆ ಓದುವವರಿಗೆ ಅದು ದೊಡ್ಡ ವಿಷಯವೋ ಸಣ್ಣದೋ ತಿಳಿಯುವುದಿಲ್ಲ. ‘ಬಿಡದಿದ್ದರೆ 35’ ಎಂದಾಗ ಆ ತೀರ್ಮಾನದ ತೂಕ ಗೊತ್ತಾಗುತ್ತದೆ. ಹಾಗೆ ಬರೆಯಬೇಕಾದರೆ ಎರಡೂ ರೀತಿ ಲೆಕ್ಕ ಹಾಕಿ ನೋಡಿರಲೇಬೇಕು. ನೋಡಿದ್ದಾರೆ ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ‘ಕೋಡಿನ ಮೊದಲ ಎರಡು ಸಾಲು’ ಎಂದದ್ದು ಇಂಥವನ್ನು:

```
INCLUDE_CANCELLED = False
MERGE_BY_PHONE = True
```

ತೀರ್ಮಾನಗಳನ್ನು ಕೋಡಿನ ಹೊಟ್ಟೆಯೊಳಗೆ ಹುದುಗಿಸದೆ ಹೀಗೆ ನೆತ್ತಿಯ ಮೇಲಿಟ್ಟರೆ, ಒಪ್ಪದವರು ಅರೆ ನಿಮಿಷದಲ್ಲಿ ಬದಲಿಸಿ ನೋಡಬಹುದು.

ಎಲ್ಲವನ್ನೂ ಪತ್ರಕ್ಕೆ ತುಂಬುವುದೂ ಸರಿಯಲ್ಲ. ಇದೇ ಫೈಲಿನಲ್ಲಿ ಸಮಯವನ್ನು ಯುಟಿಸಿ, ಅಂದರೆ ಗ್ರೀನ್‌ವಿಚ್ ಲೆಕ್ಕದಲ್ಲಿ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. `2024-01-31 19:10` ಎಂದಿರುವ ಆರ್ಡರು ನಮ್ಮಲ್ಲಿ ಫೆಬ್ರವರಿ 1ರ ನಡುರಾತ್ರಿ 12.40ಕ್ಕೆ ಬಂದದ್ದು, ಅದು ತಿಂಗಳನ್ನೇ ದಾಟಿಬಿಟ್ಟಿದೆ. ಇದನ್ನು ಸರಿಪಡಿಸಲೇಬೇಕು. ಆದರೆ ರಾತ್ರಿ ಹನ್ನೆರಡರ ಮೇಲೆ ದಿನಸಿ ತರಿಸುವವರು ಕಡಿಮೆ. ಸರಿಪಡಿಸಿದ ಮೇಲೂ ಉತ್ತರ ಶೇ. 33ರಲ್ಲೇ ನಿಂತರೆ ಅದರ ಜಾಗ ವರದಿಯ ಕೊನೆಯ ಪುಟ, ಪತ್ರವಲ್ಲ. ಉತ್ತರವನ್ನು ಅಲುಗಾಡಿಸುವ ಅಸಂಪ್ಷನ್‌ಗಳು ಮಾತ್ರ ಪತ್ರಕ್ಕೆ ಬರಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹದಿನೈದು ಅಸಂಪ್ಷನ್‌ಗಳ ಪಟ್ಟಿ ಕೊಟ್ಟರೆ ಮುಖ್ಯವಾದ ಎರಡು ಅದರಲ್ಲಿ ಮುಳುಗಿಹೋಗುತ್ತವೆ.

‘ಡೇಟಾ ಸರಿಯಾಗಿದೆ ಎಂದು ಭಾವಿಸಲಾಗಿದೆ’ ಎಂಬ ಸಾಲನ್ನಂತೂ ಬರೆಯಲೇಬಾರದು. ಅದು ಅಸಂಪ್ಷನ್ ಅಲ್ಲ, ಪರಿಶೀಲನೆಯನ್ನು ಕೈಬಿಟ್ಟಿದ್ದೇನೆ ಎಂಬ ಒಪ್ಪಿಗೆ. ಮಾಡದೆ ಉಳಿದ ಕೆಲಸವನ್ನೂ ಅಸಂಪ್ಷನ್‌ಗಳ ಸಾಲಿಗೆ ಸೇರಿಸುವವರಿದ್ದಾರೆ: ‘ಈ ಚಾರ್ಟ್ ಬೇಕಿಲ್ಲ ಎಂದು ಭಾವಿಸಿದೆ’ ಎಂಬಂತೆ. ಪ್ರಶ್ನೆಯಲ್ಲಿ ಕೇಳಿದ್ದನ್ನು ಬೇಕಿಲ್ಲ ಎನ್ನುವ ಅಧಿಕಾರ ನಮಗಿಲ್ಲ. ಸಮಯ ಸಾಲಲಿಲ್ಲ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾಲ್ಕು ಗಂಟೆಯ ಕೆಲಸ ಎಂದು ಕೊಟ್ಟದ್ದಕ್ಕೆ ಏಳು ಗಂಟೆ ಹಿಡಿದಿದ್ದರೆ ಅದನ್ನೂ ಇದ್ದ ಹಾಗೆ ಬರೆಯಬಹುದು.

ಕೆಲವನ್ನು ಊಹಿಸುವ ಮೊದಲು ಕೇಳಿಬಿಡುವುದೇ ವಾಸಿ. ಫೈಲು ಕೈಗೆ ಬಂದ ದಿನವೇ ಪೂರ್ತಿ ನೋಡಿ, ಇರುವ ಸಂದೇಹಗಳನ್ನೆಲ್ಲ ಒಂದೇ ಮೇಲ್‌ನಲ್ಲಿ ಕೇಳಬೇಕು, ದಿನಕ್ಕೊಂದರಂತೆ ಕೇಳಬಾರದು. ಉತ್ತರ ಬಂದರೆ ಅದರಂತೆ ನಡೆಯುವುದು, ಬಾರದಿದ್ದರೆ ತಾವೇ ತೀರ್ಮಾನಿಸಿ ಪತ್ರದಲ್ಲಿ ಹೇಳುವುದು. ಮುಂದಿನ ಸುತ್ತಿನ ಸಂದರ್ಶನದಲ್ಲಿ ‘ರದ್ದಾದವನ್ನು ಯಾಕೆ ಬಿಟ್ಟಿರಿ?’ ಎಂಬ ಪ್ರಶ್ನೆ ಈ ಪತ್ರದಿಂದಲೇ ಹುಟ್ಟುವ ಸಾಧ್ಯತೆ ಹೆಚ್ಚು, ಹಾಗಾಗಿ ಕಾರಣ ಗೊತ್ತಿರುವುದನ್ನಷ್ಟೇ ಬರೆಯಿರಿ.

ಕಳಿಸುವ ಮುಂಚೆ ಒಂದು ಸಣ್ಣ ಪರೀಕ್ಷೆಯನ್ನು ಮರೆಯಬೇಡಿ. ಗೂಗಲ್ ಡ್ರೈವ್ ಲಿಂಕ್ ಕೊಡುವುದಾದರೆ ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ನೋಡಿ. ಲಾಗಿನ್ ಕೇಳಿದರೆ ಅಥವಾ ಅನುಮತಿ ಬೇಕು ಎಂದರೆ ಅವರಿಗೂ ತೆರೆಯದಿರಬಹುದು. ಕೋಡನ್ನು ಗಿಟ್‌ಹಬ್‌ನಲ್ಲಿಟ್ಟರೆ ಖಾಸಗಿಯಾಗಿಟ್ಟು ಅವರಿಗಷ್ಟೇ ಪ್ರವೇಶ ಕೊಡಿ, ಏಕೆಂದರೆ ಪ್ರಶ್ನೆ ಮತ್ತು ಡೇಟಾ ಕಂಪನಿಯದು.

ಅಸೈನ್‌ಮೆಂಟ್ ಕೊಡುವ ಕಂಪನಿಗಳಲ್ಲೂ ಒಂದು ಮನವಿಯಿದೆ. ‘ಗ್ರಾಹಕ’ ಎಂದರೆ ಯಾರು ಎಂಬುದನ್ನು ಬೇಕೆಂದೇ ಬಿಟ್ಟಿದ್ದರೆ, ನೀವೇ ತೀರ್ಮಾನಿಸಿ ಕಾರಣ ಬರೆಯಿರಿ ಎಂದು ಪ್ರಶ್ನೆಯಲ್ಲೇ ಒಂದು ಸಾಲು ಸೇರಿಸಿ. ಮನೆಯಲ್ಲಿ ಕೂತು ಗಂಟೆಗಟ್ಟಲೆ ಕೆಲಸ ಮಾಡಿ ಕಳಿಸಿದವರಿಗೆ, ಆಯ್ಕೆಯಾಗದಿದ್ದರೂ, ಅವರ ಯಾವ ತೀರ್ಮಾನ ನಿಮಗೆ ಒಪ್ಪಿಗೆಯಾಗಲಿಲ್ಲ ಎಂದು ತಿಳಿಸಿ.