ಬಿಲ್ಲಿನಲ್ಲಿ ಕಳೆದುಹೋಗುವ ಒಂದು ಪೈಸೆ

ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಸಾಮಾನ್ಯವಾಗಿ ಎರಡರ ಘಾತಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಲು ಹೊರಟರೆ 0.333 ಎಂದು ಮುಗಿಯದೆ ಸಾಗುವಂತೆ, 19.99 ಕೂಡ ಆ ಪದ್ಧತಿಯಲ್ಲಿ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹಾಗಾಗಿ ಒಳಗೆ ಉಳಿಯುವುದು 19.99ರ ಸಮೀಪದ ಬೇರೊಂದು ಸಂಖ್ಯೆ. ಪೈಥಾನ್ ಭಾಷೆಯಲ್ಲಿ 19.99 ರೂಪಾಯಿಯನ್ನು ಪೈಸೆಗೆ ಬದಲಿಸಿದರೆ ಹೀಗಾಗುತ್ತದೆ:

```
>>> 19.99 * 100
1998.9999999999998
>>> int(19.99 * 100)
1998
```

`int` ದಶಮಾಂಶ ಭಾಗವನ್ನು ಕತ್ತರಿಸಿಹಾಕುವುದರಿಂದ ಒಂದು ಪೈಸೆ ಮಾಯ. ಸಾವಿರಾರು ಬಿಲ್ಲುಗಳಾದ ಮೇಲೆ ಲೆಕ್ಕಪುಸ್ತಕದ ಮೊತ್ತಕ್ಕೂ ಬ್ಯಾಂಕಿಗೆ ಬಂದ ಹಣಕ್ಕೂ ತಾಳೆಯಾಗುವುದಿಲ್ಲ. ದೋಷ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಆಗಲೇ.

ಇದಕ್ಕೆ ಪರಿಹಾರ, ಬೆಲೆಯನ್ನು ಮೊದಲಿನಿಂದಲೇ 1999 ಪೈಸೆ ಎಂಬ ಪೂರ್ಣಾಂಕವಾಗಿ ಇಡುವುದು. ಪೂರ್ಣಾಂಕಗಳ ಕೂಡು-ಕಳೆಯಲ್ಲಿ ಚೂರೂ ತಪ್ಪುವುದಿಲ್ಲ. ಪರದೆಯ ಮೇಲೆ ತೋರಿಸುವಾಗ ಮಾತ್ರ ರೂಪಾಯಿಯ ಚುಕ್ಕೆ ಹಾಕಿದರೆ ಸಾಕು.

ಆದರೆ ತೆರಿಗೆ ಮತ್ತು ಭಾಗಾಕಾರದಲ್ಲಿ ಭಿನ್ನರಾಶಿ ಮತ್ತೆ ಎದುರಾಗುತ್ತದೆ. 1999 ಪೈಸೆಗೆ ಶೇ. 18ರ ತೆರಿಗೆ 359.82 ಪೈಸೆ, ಅದನ್ನು 360 ಎಂದು ದುಂಡಗಾಗಿಸಬೇಕು. ಸಾಲುಸಾಲಿಗೆ ದುಂಡಗಾಗಿಸುವುದೋ ಒಟ್ಟು ಮೊತ್ತಕ್ಕೆ ಒಮ್ಮೆ ಮಾತ್ರವೋ ಎಂಬ ನಿಯಮ ಮೊದಲೇ ನಿಗದಿಯಾಗಿರಬೇಕು. ನೂರು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 3333 ಪೈಸೆ ಹೋಗಿ ಒಂದು ಉಳಿಯುತ್ತದೆ. ಅದನ್ನು ಒಬ್ಬರಿಗೆ ಸೇರಿಸಿ 3334 ಮಾಡಿದರೆ ಮೊತ್ತ ಸರಿಹೋಗುತ್ತದೆ.

ಎಲ್ಲ ನಾಣ್ಯಗಳಿಗೂ ನೂರರಿಂದ ಗುಣಿಸುವುದು ಸಲ್ಲದು. ಜಪಾನಿನ ಯೆನ್‌ಗೆ ಬಳಕೆಯಲ್ಲಿ ಚಿಲ್ಲರೆ ಘಟಕವಿಲ್ಲ. ಕುವೈತ್ ದಿನಾರಿಗೆ ಸಾವಿರ ಫಿಲ್ಸ್. ಆದ್ದರಿಂದ ಮೊತ್ತದ ಜೊತೆಗೆ ನಾಣ್ಯದ ಸಂಕೇತವನ್ನೂ ದಾಖಲಿಸಬೇಕು.