ಆಳನ್ನು ಕಾಯುವುದೋ, ಜಾಗವನ್ನು ಕಾಯುವುದೋ

ನಮ್ಮ ಭಾನುವಾರದ ತಂಡದ ಐವರಲ್ಲಿ ಇಬ್ಬರಿಗೆ ನಲವತ್ತು ದಾಟಿದೆ. ಹತ್ತು ನಿಮಿಷ ಆಡುವಷ್ಟರಲ್ಲಿ ಒಬ್ಬರು ಮೊಣಕಾಲ ಮೇಲೆ ಕೈಯೂರಿ, "ಝೋನ್‌ಗೆ ಹೋಗೋಣ ಕಣ್ರೋ" ಅನ್ನುತ್ತಾರೆ. ಆ ಮಾತಿನಲ್ಲಿ ತಂತ್ರಕ್ಕಿಂತ ಏದುಸಿರೇ ಜಾಸ್ತಿ.

ಮ್ಯಾನ್ ಟು ಮ್ಯಾನ್ ಡಿಫೆನ್ಸ್‌ನಲ್ಲಿ ಒಬ್ಬೊಬ್ಬರ ಪಾಲಿಗೆ ಒಬ್ಬೊಬ್ಬ ಎದುರಾಳಿ. ಅವನು ಹೋದಲ್ಲಿ ನೀವೂ ಹೋಗಬೇಕು. ಝೋನ್‌ನಲ್ಲಿ ಕಾಯಬೇಕಾದದ್ದು ಜಾಗವನ್ನು. ಹೆಚ್ಚು ಬಳಕೆಯಲ್ಲಿರುವ 2-3 ಝೋನ್‌ನಲ್ಲಿ ಇಬ್ಬರು ಮುಂದೆ, ಮೂವರು ಬುಟ್ಟಿಯ ಹತ್ತಿರ ಅಡ್ಡಸಾಲಾಗಿ ನಿಲ್ಲುತ್ತಾರೆ. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಕೋಚ್ ಜಿಮ್ ಬೇಹೈಮ್ ಇದನ್ನೇ ನೆಚ್ಚಿಕೊಂಡು 2003ರಲ್ಲಿ ಕಾಲೇಜು ಚಾಂಪಿಯನ್‌ಷಿಪ್ ಗೆದ್ದರು. ಚೆಂಡು ಸರಿದಂತೆಲ್ಲ ಐವರೂ ಒಟ್ಟಿಗೆ ಸರಿದರೆ ಮಾತ್ರ ಅದು ಝೋನ್. ನಿಂತಲ್ಲೇ ನಿಂತರೆ ಅದು ವಿಶ್ರಾಂತಿ.

ಝೋನ್ ಒಂದು ಚೌಕಾಸಿ. ಬುಟ್ಟಿಯ ಬುಡಕ್ಕೆ ಬಿಡುವುದಿಲ್ಲ, ಬೇಕಾದರೆ ದೂರದಿಂದ ಎಸೆದುಕೋ ಅಂತ ಎದುರಾಳಿಗೆ ಹೇಳಿದ ಹಾಗೆ. ಈ ಚೌಕಾಸಿ ಗಿಟ್ಟುತ್ತದೋ ಇಲ್ಲವೋ ಎಂದು ತಿಳಿಯಲು ಸಣ್ಣ ಲೆಕ್ಕ ಸಾಕು. ಮೂರು ಅಂಕದ ಐದು ಎಸೆತಗಳಲ್ಲಿ ಒಂದು ಬಿದ್ದರೆ ಎಸೆತಕ್ಕೆ ಸರಾಸರಿ 0.6 ಅಂಕ. ಬುಟ್ಟಿಯ ಕೆಳಗಿನ ಎರಡು ಅಂಕದ ಎಸೆತ ಎರಡಕ್ಕೊಂದು ಬಿದ್ದರೂ ಸರಾಸರಿ 1 ಅಂಕ. ಹಾಗಾಗಿ ಎದುರಿನವರು ನುಗ್ಗುವುದರಲ್ಲಿ ಚುರುಕು, ದೂರದ ಎಸೆತದಲ್ಲಿ ಕಚ್ಚಾ ಎಂದಾದರೆ ಝೋನ್ ಲಾಭ. ಮೂರಕ್ಕೊಂದು ಹಾಕುವವರು ಇಬ್ಬರಿದ್ದರೆ ಆ ಲಾಭ ಕರಗುತ್ತದೆ. ಆಟಕ್ಕೆ ಮುಂಚಿನ ವಾರ್ಮಪ್‌ನಲ್ಲಿ ಅವರು ಎಸೆಯುವುದನ್ನು ಸುಮ್ಮನೆ ಎಣಿಸಿ ನೋಡಿ. ಕಾವಲಿಲ್ಲದಾಗಲೇ ಬೀಳದವು ಆಟದಲ್ಲಿ ಎಲ್ಲಿ ಬೀಳುತ್ತವೆ?

ಹವ್ಯಾಸಿ ತಂಡದ ಝೋನ್ ಒಡೆಯುವುದು ಸಾಮಾನ್ಯವಾಗಿ ಫ್ರೀ ಥ್ರೋ ಗೆರೆಯ ನಡುವೆ. ಮುಂದಿನ ಇಬ್ಬರು ಚೆಂಡಿನ ಹಿಂದೆ ಓಡಿದಾಗ ಎದುರಾಳಿಯೊಬ್ಬ ಅಲ್ಲಿಗೆ ಬಂದು ಪಾಸ್ ಹಿಡಿಯುತ್ತಾನೆ. ಹಿಂದಿನ ಸಾಲಿನ ನಡುವಿನವನು ಅವನನ್ನು ತಡೆಯಲು ಮುಂದೆ ಬರುತ್ತಾನೆ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಇನ್ನೊಂದು ಪಾಸ್, ಸಲೀಸಾಗಿ ಎರಡು ಅಂಕ. ಮದ್ದು ಸರಳ: ಮುಂದಿನವರಲ್ಲಿ ಒಬ್ಬ ಚೆಂಡಿನತ್ತ ಹೋದರೆ ಇನ್ನೊಬ್ಬ ಆ ಗೆರೆಗೆ ಇಳಿಯಬೇಕು. ಒಂದೇ ರೀತಿಯ ಪಾಸ್ ಎರಡು ಸಲ ನಡುವೆ ತಲುಪಿತೆಂದರೆ ನಿಮ್ಮಲ್ಲಿ ಯಾರೋ ಇಳಿಯುತ್ತಿಲ್ಲ ಎಂದೇ ಅರ್ಥ.

ಝೋನ್‌ನ ಇನ್ನೊಂದು ಕುತ್ತು ರಿಬೌಂಡ್. ಎಸೆತ ತಪ್ಪಿದಾಗ ಯಾರನ್ನು ಬೆನ್ನಿಗೆ ಒತ್ತಿ ತಡೆಯಬೇಕೆಂಬುದು ಯಾರಿಗೂ ಗೊತ್ತಿರುವುದಿಲ್ಲ, ಎಲ್ಲರೂ ಮೇಲೆ ನೋಡುತ್ತಾರೆ.

ಮ್ಯಾನ್ ಟು ಮ್ಯಾನ್‌ನಲ್ಲಿ ಈ ಗೊಂದಲ ಕಡಿಮೆ. ಯಾರು ಯಾರನ್ನು ಬಿಟ್ಟರೆಂಬುದು ಕಣ್ಣಿಗೆ ಕಾಣುತ್ತದೆ. ಹೊಸ ತಂಡ ಅದರಿಂದಲೇ ಶುರು ಮಾಡಲಿ ಎಂಬುದು ನನ್ನ ಪಕ್ಷಪಾತ. ಆದರೆ ನಿಮ್ಮಲ್ಲೊಬ್ಬರು ತೀರ ನಿಧಾನವಾಗಿದ್ದರೆ ಎದುರಾಳಿಗಳು ಪ್ರತಿ ಸಲವೂ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ನಮ್ಮಲ್ಲಿ ಹಾಗಾದಾಗ ಝೋನ್‌ಗೆ ಇಳಿದು, ಆ ಹಿರಿಯರನ್ನು ಹಿಂದಿನ ಸಾಲಿನ ಮೂಲೆಗೆ ಹಾಕುತ್ತೇವೆ. ಅಲ್ಲಿಂದ ಅವರು ಕೂಗಿ ಹೇಳುವುದು ಒಂದೇ: "ನಡು, ನಡು!"