ಸೊನ್ನೆ ಎಲ್ಲಿಡಬೇಕು?

ಪೀಣ್ಯದ ಯಾವುದಾದರೂ ಜಾಬ್‌ವರ್ಕ್ ಶೆಡ್ಡಿಗೆ ತೂತುಗಳಿರುವ ಪ್ಲೇಟಿನ ಡ್ರಾಯಿಂಗ್ ಹಿಡಿದು ಹೋಗಿ ನೋಡಿ. ಮೆಟೀರಿಯಲ್ ಏನು, ಎಷ್ಟು ಪೀಸು ಅನ್ನುವುದಕ್ಕೂ ಮುಂಚೆ ಸೆಟ್ಟರ್ ಕೇಳುವುದು ಒಂದೇ: "ಜೀರೋ ಎಲ್ಲಿ ಸಾರ್?" ಮೆಷಿನ್ನಿಗೆ ಪ್ಲೇಟು ಎಂದರೆ ಒಂದು ಸೊನ್ನೆ, ಅಲ್ಲಿಂದ ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ ಅಂತ ಹೇಳುವ ಜೋಡಿ ಅಂಕಿಗಳು, ಮಿಕ್ಕ ಗೆರೆಗಳಿಂದ ಅದಕ್ಕೆ ಆಗಬೇಕಾದ್ದೇನೂ ಇಲ್ಲ. ಡ್ರಾಯಿಂಗನ್ನೂ ಅದೇ ಭಾಷೆಯಲ್ಲಿ ಬರೆಯುವ ಪದ್ಧತಿಗೆ ಆರ್ಡಿನೇಟ್ ಡೈಮೆನ್ಷನಿಂಗ್ ಎನ್ನುತ್ತಾರೆ. ಅದೇ ಅಂಕಿಗಳನ್ನು ಚಿತ್ರದಿಂದ ತೆಗೆದು ಪಕ್ಕದ ಪಟ್ಟಿಗೆ ಹಾಕಿದರೆ ಹೋಲ್ ಟೇಬಲ್.

ಬೆಂಗಳೂರಿನಲ್ಲಿ ಈ ಕಾಗದಕ್ಕೆ ವಿಚಿತ್ರವಾದ ಕೆಲಸವೊಂದಿದೆ. ಡ್ರಾಯಿಂಗ್ ಬರೆಯುವವರು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಎ.ಸಿ. ಕೋಣೆಯಲ್ಲಿರುತ್ತಾರೆ. ತೂತು ಹೊಡೆಯುವವರು ಊರಿನ ಇನ್ನೊಂದು ತುದಿಯಲ್ಲಿ, ತುಮಕೂರು ರಸ್ತೆಯ ಪಕ್ಕದ ಶೆಡ್ಡುಗಳಲ್ಲಿ. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಸೊನ್ನೆ ಎಲ್ಲಿದೆ ಎಂಬುದೊಂದು ಸ್ಪಷ್ಟವಾಗಿದ್ದರೆ ಅವರ ನಡುವೆ ಫೋನಿನ ಅಗತ್ಯವೂ ಬೀಳುವುದಿಲ್ಲ.

ಒಂದು ಪ್ಲೇಟನ್ನೇ ಹಿಡಿದು ನೋಡೋಣ. 300 ಮಿ.ಮೀ. ಉದ್ದ, 180 ಅಗಲ, 16 ದಪ್ಪದ ಫಿಕ್ಸ್‌ಚರ್ ಪ್ಲೇಟು. ಇದರಲ್ಲಿ ಮೂರು ಬಗೆಯ ತೂತುಗಳು. ಪ್ಲೇಟನ್ನು ಜಾಗಕ್ಕೆ ಕೂರಿಸುವ ಎರಡು 10 ಮಿ.ಮೀ. ಡವೆಲ್ ತೂತುಗಳು, ಬೋಲ್ಟು ಬಿಗಿಯಲು ಹನ್ನೆರಡು ಎಂ8 ಟ್ಯಾಪ್ ತೂತುಗಳು, ಪ್ಲೇಟನ್ನು ಕೆಳಗಿನ ಬೇಸಿಗೆ ಕಟ್ಟಲು ಆರು 9 ಮಿ.ಮೀ. ತೂತುಗಳು. ಒಟ್ಟು ಇಪ್ಪತ್ತು.

ಐಟಿಐ ಮೊದಲ ವರ್ಷದ ಹುಡುಗನ ಕೈಗೆ ಇದನ್ನು ಕೊಟ್ಟರೆ ಅವನು ಚೈನ್ ಡೈಮೆನ್ಷನ್ ಹಾಕುತ್ತಾನೆ: ಮೊದಲ ತೂತಿಗೆ 30, ಅಲ್ಲಿಂದ ಮುಂದಿನದಕ್ಕೆ 60, ಮತ್ತೆ 60, ಮತ್ತೆ 60. ನೋಡಲು ಅಚ್ಚುಕಟ್ಟು. ಆದರೆ ಗೇಣಿನ ಮುಂದೆ ಗೇಣು ಇಟ್ಟು ಹೊಲ ಅಳೆದ ಹಾಗೆ, ಪ್ರತಿ ಹೆಜ್ಜೆಯ ತಪ್ಪೂ ಮುಂದಿನದಕ್ಕೆ ಸೇರುತ್ತಾ ಹೋಗುತ್ತದೆ. ಟಾಲರೆನ್ಸ್ ಪ್ರತ್ಯೇಕವಾಗಿ ಬರೆಯದ ಡ್ರಾಯಿಂಗುಗಳಲ್ಲಿ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ ‘ಐಎಸ್‌ಒ 2768-ಎಂ’ ಎಂದಿರುತ್ತದೆ. ಅದರ ಪ್ರಕಾರ 6ರಿಂದ 30ರವರೆಗಿನ ಅಳತೆಗೆ ±0.2, ಅಲ್ಲಿಂದ 120ರವರೆಗೆ ±0.3, 120ರಿಂದ 400ರವರೆಗೆ ±0.5 ಮಿ.ಮೀ. ಹೆಚ್ಚುಕಮ್ಮಿ ನಡೆಯುತ್ತದೆ. ನಮ್ಮ ಚೈನಿನಲ್ಲಿ ನಾಲ್ಕನೆಯ ತೂತು ಸೊನ್ನೆಯಿಂದ 210ರಲ್ಲಿರಬೇಕು. ಕೆಟ್ಟ ದಿನ ಬಂದು ಎಲ್ಲ ತಪ್ಪೂ ಒಂದೇ ಕಡೆಗೆ ವಾಲಿದರೆ 0.2ಕ್ಕೆ ಮೂರು ಸಲ 0.3 ಸೇರಿ 1.1 ಮಿ.ಮೀ. ಆಚೆಗೆ ಹೋಗಬಹುದು. ಎದುರಿನ ಭಾಗದಲ್ಲಿ ಎಂ8 ಬೋಲ್ಟಿಗೆ 9 ಮಿ.ಮೀ. ತೂತು ಇಟ್ಟಿದ್ದರೆ ಬೋಲ್ಟು ಒಂದು ಕಡೆಗೆ ಸರಿಯಲು ಇರುವ ಜಾಗ ಅರ್ಧ ಮಿ.ಮೀ. ಮಾತ್ರ. ಆಗ ಪ್ರತಿ ಅಳತೆಯೂ ಡ್ರಾಯಿಂಗಿಗೆ ಸರಿಯಾಗಿದ್ದು, ಜೋಡಿಸುವಾಗ ಬೋಲ್ಟು ಮಾತ್ರ ಹೋಗುವುದಿಲ್ಲ. ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗಿ ಅಸೆಂಬ್ಲಿಯಲ್ಲಿ ಫೇಲಾಗುವ ಈ ಪೀಸಿಗೆ ಯಾರನ್ನು ಬೈಯಬೇಕೆಂದೇ ತಿಳಿಯುವುದಿಲ್ಲ.

ಆರ್ಡಿನೇಟ್‌ನಲ್ಲಿ ಪ್ರತಿ ತೂತನ್ನೂ ಸೊನ್ನೆಯಿಂದಲೇ ಅಳೆಯುತ್ತಾರೆ: 30, 90, 150, 210. ಬಾಣದ ಗುರುತಿಲ್ಲ, ಅಳತೆಗೆರೆಯಿಲ್ಲ. ತೂತಿನ ನಡುವಿನಿಂದ ಪ್ಲೇಟಿನ ಹೊರಗೆ ಒಂದು ತೆಳು ಗೆರೆ ಎಳೆದು ಅದರ ತುದಿಯಲ್ಲಿ ಅಂಕಿ ಬರೆದರೆ ಆಯಿತು. ಎಕ್ಸ್ ಅಂಕಿಗಳು ಕೆಳಗೆ ಸಾಲಾಗಿ, ವೈ ಅಂಕಿಗಳು ಎಡಕ್ಕೆ ಸಾಲಾಗಿ. ಈಗ ನಾಲ್ಕನೆಯ ತೂತಿನ ಹೆಚ್ಚುಕಮ್ಮಿ ±0.5ಕ್ಕೆ ನಿಲ್ಲುತ್ತದೆ, ಬೋಲ್ಟು ಹೋಗುತ್ತದೆ.

ಇಲ್ಲಿಗೇ ನಿಲ್ಲಿಸಿ ಆರ್ಡಿನೇಟೇ ಒಳ್ಳೆಯದು ಎಂದು ತೀರ್ಮಾನಿಸುವವರು ಬಹಳ. ಅದೇ ಪ್ಲೇಟನ್ನು ಇನ್ನೊಂದು ಕಡೆಯಿಂದ ನೋಡಿ. 150ರ ತೂತು ಅರ್ಧ ಮಿ.ಮೀ. ಎಡಕ್ಕೆ, 210ರ ತೂತು ಅರ್ಧ ಬಲಕ್ಕೆ ಹೋದರೆ ಅವೆರಡರ ನಡುವಿನ ಅಂತರದಲ್ಲಿ ಪೂರ್ತಿ ಒಂದು ಮಿ.ಮೀ. ತಪ್ಪಾಗುತ್ತದೆ. ಚೈನಿನಲ್ಲಿ ಈ ಅಂತರಕ್ಕೆ ±0.3 ಮಾತ್ರ ಅವಕಾಶವಿತ್ತು! ಅಂದರೆ ತೂತುಗಳು ಪ್ಲೇಟಿನ ಮೇಲೆ ಎಲ್ಲಿವೆ ಎಂಬುದು ಮುಖ್ಯವಾದಲ್ಲಿ ಆರ್ಡಿನೇಟ್ ಸರಿ. ಎರಡು ತೂತುಗಳಿಗೆ ಪರಸ್ಪರ ಇರುವ ದೂರ ಮುಖ್ಯವಾದಲ್ಲಿ, ಉದಾಹರಣೆಗೆ ಗೇರುಗಳು ಕೂರುವ ಎರಡು ಬೇರಿಂಗ್ ತೂತುಗಳಿಗೆ, ಆ ದೂರವನ್ನೇ ನೇರವಾಗಿ ಅದರ ಬಿಗಿ ಟಾಲರೆನ್ಸಿನ ಜೊತೆ ಬರೆಯಬೇಕು. ಒಂದೇ ಡ್ರಾಯಿಂಗಿನಲ್ಲಿ ಎರಡೂ ಪದ್ಧತಿ ಇದ್ದರೆ ತಪ್ಪೇನಿಲ್ಲ. ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಕೈಪಿಡಿಯಲ್ಲೂ ಚೈನ್ ಮತ್ತು ನಿರ್ದೇಶಾಂಕದ ಕ್ರಮಗಳು ಅಕ್ಕಪಕ್ಕದಲ್ಲೇ ಇವೆ.

ಇನ್ನು ಸೊನ್ನೆಯ ಜಾಗ. ಹೆಚ್ಚಿನವರು ಯೋಚಿಸದೆ ಎಡ ಕೆಳಮೂಲೆಗೆ ಇಟ್ಟುಬಿಡುತ್ತಾರೆ. ಅಂಚುಗಳನ್ನು ಮಿಲ್ಲಿಂಗ್ ಮಾಡಿದ್ದರೆ ಅದು ಸರಿಯೇ. ಗ್ಯಾಸ್ ಕಟಿಂಗ್ ಮಾಡಿ ಹಾಗೆಯೇ ಬಿಟ್ಟ ಪ್ಲೇಟಾದರೆ ಅಂಚು ನೆಟ್ಟಗಿರುವುದಿಲ್ಲ. ಒಬ್ಬ ಆಪರೇಟರ್ ಎಡ್ಜ್ ಫೈಂಡರನ್ನು ಒಂದು ಜಾಗಕ್ಕೆ ತಾಗಿಸುತ್ತಾನೆ, ಮರುದಿನ ಬಂದವನು ಇನ್ನೊಂದು ಜಾಗಕ್ಕೆ. ಎರಡು ಪೀಸಿಗೆ ಎರಡು ಸೊನ್ನೆ. ನಮ್ಮ ಪ್ಲೇಟನ್ನು ಕೂರಿಸುವುದು ಡವೆಲ್ ಪಿನ್ನು, ಅಂಚಲ್ಲ. ಆದ್ದರಿಂದ ಅಂಚುಗಳಿಂದ 30 ಮಿ.ಮೀ. ಒಳಗಿರುವ ಮೊದಲ ಡವೆಲ್ ತೂತೇ ಸೊನ್ನೆ. ಎರಡನೆಯ ಡವೆಲ್ 235, 120ರಲ್ಲಿ. ಸರಿಸಮಾನವಾಗಿ 240 ಇಡಬಹುದಿತ್ತು. ಇಟ್ಟರೆ ಪ್ಲೇಟನ್ನು ತಲೆಕೆಳಗಾಗಿ ತಿರುಗಿಸಿದರೂ ಎಲ್ಲ ತೂತೂ ಹೊಂದಿಕೊಂಡು ಕೂತುಬಿಡುತ್ತದೆ. ಆ 5 ಮಿ.ಮೀ. ಸರಿಸಿದ್ದು ಅಸೆಂಬ್ಲಿ ಹುಡುಗರು ಉಲ್ಟಾ ಹಾಕಬಾರದು ಎಂದೇ.

ಸೊನ್ನೆ ಒಳಗೆ ಬಂದ ಮೇಲೆ ಅದರ ಎಡಕ್ಕೂ ಕೆಳಕ್ಕೂ ತೂತುಗಳು ಉಳಿಯುತ್ತವೆ. ಮೂಲೆಯ 9 ಮಿ.ಮೀ. ತೂತು ಈಗ ಮೈನಸ್ 15, ಮೈನಸ್ 15. ಚಿತ್ರದ ಮೇಲೆ ಅದು ಯಾವ ಕಡೆಗಿದೆ ಎಂದು ಕಣ್ಣಿಗೇ ಕಾಣುತ್ತದೆ, ಹಾಗಾಗಿ ಅಲ್ಲಿ ಮೈನಸ್ ಬಿಟ್ಟಿರುವ ಡ್ರಾಯಿಂಗುಗಳೂ ಇರುತ್ತವೆ. ಟೇಬಲಿನಲ್ಲಿ ಚಿತ್ರವಿಲ್ಲ. ಅಲ್ಲಿ ಮೈನಸ್ ಬಿಟ್ಟರೆ ತೂತು ಪ್ಲೇಟಿನ ಬೇರೆ ಜಾಗದಲ್ಲಿ ಬೀಳುತ್ತದೆ.

ಅಂದಹಾಗೆ ಈ ಪ್ಲೇಟಿಗೆ ಟೇಬಲ್ ಬೇಕೇ? ನನ್ನ ಲೆಕ್ಕದಲ್ಲಿ ಬೇಡ. ಇಪ್ಪತ್ತು ತೂತಿಗೆ ನಲವತ್ತು ಅಂಕಿ ಅನ್ನಿಸುತ್ತದೆ, ಆದರೆ ತೂತುಗಳು ಸಾಲಿನಲ್ಲಿರುವುದರಿಂದ ಒಂದೇ ಗೆರೆಯನ್ನು ಹಲವು ತೂತುಗಳು ಹಂಚಿಕೊಳ್ಳುತ್ತವೆ. ಬೇರೆ ಬೇರೆ ಎಕ್ಸ್ ಒಂಬತ್ತು, ವೈ ಏಳು. ಹದಿನಾರು ಅಂಕಿಗೆ ಮುಗಿಯಿತು. ಟೇಬಲ್ ಬೇಕಾಗುವುದು ಹೈಡ್ರಾಲಿಕ್ ಮ್ಯಾನಿಫೋಲ್ಡಿನಂಥ ಕಡೆ, ಪ್ರತಿ ತೂತಿಗೂ ತನ್ನದೇ ಎಕ್ಸ್, ತನ್ನದೇ ವೈ ಇದ್ದಾಗ. ಅಲ್ಲಿ ಗೆರೆಗಳು ಒಂದನ್ನೊಂದು ತಪ್ಪಿಸಲು ಸೊಟ್ಟಗಾಗಿ, ಯಾವ ಅಂಕಿ ಯಾವ ತೂತಿನದು ಎಂದು ಬೆರಳಿಟ್ಟು ಹುಡುಕಬೇಕಾಗುತ್ತದೆ. ನಮ್ಮದೇ ಪ್ಲೇಟನ್ನು ಟೇಬಲಿಗೆ ಹಾಕಿದರೆ ಕೆಲವು ಸಾಲು ಹೀಗಿರುತ್ತವೆ:

```
TAG   X      Y      SIZE
A1    0      0      Ø10 H7
A2    235    120    Ø10 H7
B1    30     20     M8
B2    90     20     M8
C1    -15    -15    Ø9
```

ಅಕ್ಷರ ತೂತಿನ ಬಗೆಗೆ, ಅಂಕಿ ಆ ಬಗೆಯೊಳಗಿನ ಕ್ರಮಕ್ಕೆ. ಬಗೆಯ ಪ್ರಕಾರ ಗುಂಪು ಮಾಡುವುದರಿಂದ ಮೆಷಿನ್ ಮುಂದೆ ನಿಂತವನಿಗೆ ಅನುಕೂಲ: ಒಂದು ಡ್ರಿಲ್ ಹಾಕಿ ಬಿ ಸಾಲುಗಳನ್ನೆಲ್ಲ ಮುಗಿಸಿಯೇ ಟೂಲ್ ಬದಲಿಸುತ್ತಾನೆ. ಟೇಬಲಿನ ಅಂಕಿಗಳೇ ನೇರವಾಗಿ ವಿಎಂಸಿಯ G81 ಸಾಲುಗಳಾಗುತ್ತವೆ, ಕೂಡಿ ಕಳೆಯುವ ಕೆಲಸವೇ ಇಲ್ಲ. ಒಂದೇ ಎಚ್ಚರಿಕೆ, ಹಲವು ಫಾನುಕ್ ಕಂಟ್ರೋಲುಗಳಲ್ಲಿ `X30` ಎಂದು ಚುಕ್ಕಿಯಿಲ್ಲದೆ ಟೈಪ್ ಮಾಡಿದರೆ ಅದು 30 ಮಿ.ಮೀ. ಅಲ್ಲ, 30 ಮೈಕ್ರಾನ್; `X30.` ಎಂದೇ ಬರೆಯಬೇಕು. ಇನ್ನೊಂದು ತೊಂದರೆ ಡ್ರಾಯಿಂಗ್ ರಿವಿಷನ್ ಆದಾಗಿನದು. ನಡುವೆ ಒಂದು ತೂತು ಸೇರಿಸಿ ಟೇಬಲನ್ನು ಹೊಸದಾಗಿ ತೆಗೆದರೆ ಹಳೆಯ ಬಿ7 ಈಗ ಬಿ8 ಆಗಿರಬಹುದು. ಹಳೆಯ ರಿಪೋರ್ಟು ಹಿಡಿದು ‘ಬಿ7 ಸರಿಮಾಡಿ’ ಎಂದು ಫೋನಿನಲ್ಲಿ ಹೇಳಿದರೆ ಕೆಡುವುದು ಚೆನ್ನಾಗಿದ್ದ ತೂತು.

ಆಟೋಕ್ಯಾಡ್‌ನಲ್ಲಿ ಬರೆಯುವ ಕ್ರಮ ಸರಳ. ಮೊದಲು `UCS` ಕೊಟ್ಟು ಡವೆಲ್ ತೂತಿನ ನಡುವನ್ನು ಆರಿಜಿನ್ ಮಾಡಿಕೊಳ್ಳಬೇಕು. ಆಮೇಲೆ `DIMORDINATE`, ಅಥವಾ ಚಿಕ್ಕದಾಗಿ `DOR`. ಆರ್ಥೋ ಆನ್ ಇದ್ದರೆ ಗೆರೆ ನೆಟ್ಟಗೆ ಬರುತ್ತದೆ. ಇಲ್ಲಿ ಆಗುವ ಅತಿ ಕೆಟ್ಟ ತಪ್ಪು ಸದ್ದಿಲ್ಲದ್ದು. ಕೆಲಸ ಮುಗಿಸಿ ಯುಸಿಎಸ್ ಅನ್ನು ವರ್ಲ್ಡಿಗೆ ವಾಪಸ್ ಮಾಡುತ್ತೀರಿ. ಹಾಕಿದ್ದ ಅಂಕಿಗಳು ಬದಲಾಗುವುದಿಲ್ಲ. ವಾರ ಬಿಟ್ಟು ಯಾರೋ ಒಂದು ತೂತು ಸೇರಿಸಿ ಅದಕ್ಕೊಂದು ಆರ್ಡಿನೇಟ್ ಹಾಕುತ್ತಾರೆ; ಅದು ವರ್ಲ್ಡ್ ಸೊನ್ನೆಯಿಂದ, ಅಂದರೆ ಪ್ಲೇಟಿನ ಮೂಲೆಯಿಂದ ಅಳೆಯುತ್ತದೆ. 120 ಇರಬೇಕಾದಲ್ಲಿ 150 ಬರುತ್ತದೆ. 5000 ಎಂದೇನಾದರೂ ಬಂದಿದ್ದರೆ ಯಾರಾದರೂ ಗಮನಿಸುತ್ತಿದ್ದರು. 150 ಎಂಬುದು ಈ ಪ್ಲೇಟಿನಲ್ಲಿ ಆಗಲೇ ಇರುವ, ಯಾರೂ ಅನುಮಾನಿಸದ ಅಂಕಿ.

ಟೇಬಲನ್ನು ಕೈಯಲ್ಲಿ ಟೈಪ್ ಮಾಡಿದ್ದರೆ ಅದನ್ನು ಪರೀಕ್ಷಿಸಲು ಓದಿ ನೋಡುವುದು ಸಾಲದು, ವಾಪಸ್ ಬರೆಯಿಸಿ ನೋಡಬೇಕು. ಪ್ರತಿ ಸಾಲನ್ನೂ `CIRCLE 30,20 3.4` ಎಂಬಂತೆ ಒಂದು ಸ್ಕ್ರಿಪ್ಟ್ ಫೈಲಿಗೆ ಹಾಕಿ, ಯುಸಿಎಸ್ ಡವೆಲ್ ಮೇಲಿದ್ದಾಗ ಬೇರೆ ಬಣ್ಣದ ಲೇಯರಿನಲ್ಲಿ ಓಡಿಸಿದರೆ ಹೊಸ ವೃತ್ತಗಳು ಹಳೆಯವುಗಳ ಮೇಲೆಯೇ ಕೂರಬೇಕು. ಕೂರದ ವೃತ್ತ ತಪ್ಪು ಸಾಲಿನದು. 3.4 ಎಂಬುದು ಎಂ8 ಟ್ಯಾಪಿಗೆ ಹಾಕುವ 6.8 ಡ್ರಿಲ್ಲಿನ ಅರ್ಧ. ಆದರೆ ಮೊದಲು ಎಫ್3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ ಆರಿಸಿರಬೇಕು. ಸಾಮಾನ್ಯ ಸೆಟ್ಟಿಂಗಿನಲ್ಲಿ ಕೈಯಲ್ಲಿ ಟೈಪ್ ಮಾಡಿದ ಬಿಂದುವನ್ನು ಸ್ನ್ಯಾಪ್ ಎಳೆಯುವುದಿಲ್ಲ, ಸ್ಕ್ರಿಪ್ಟಿನಿಂದ ಬಂದದ್ದನ್ನು ಎಳೆಯಬಹುದು. ಆಗ ತಪ್ಪು ವೃತ್ತವೂ ಹತ್ತಿರದ ಸರಿಯಾದ ತೂತಿಗೆ ಅಂಟಿಕೊಂಡು ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಕೊನೆಯ ಅಳತೆ ಸಿಎಂಎಂ ಮೇಲೆ, ಅದೇ ಡವೆಲನ್ನು ಸೊನ್ನೆ ಮಾಡಿಕೊಂಡು, ಎರಡನೆಯ ಡವೆಲ್ ಕಡೆಗೆ ದಿಕ್ಕು ಹೊಂದಿಸಿ. ಟೇಬಲಿಗೆ ಇನ್ನೆರಡು ಖಾಲಿ ಕಾಲಂ ಸೇರಿಸಿ ಅಳೆದ ಎಕ್ಸ್, ವೈ ಬರೆದರೆ ತಪ್ಪು ಎಲ್ಲಿ ಹುಟ್ಟಿತು ಎಂದು ಆ ಕಾಲಮ್ಮುಗಳೇ ಹೇಳುತ್ತವೆ. ಒಂದೇ ತೂತು ತಪ್ಪಿದ್ದರೆ ಟೈಪಿಂಗ್ ನೋಡಿ. ಎ1, ಎ2 ಬಿಟ್ಟು ಮಿಕ್ಕವೆಲ್ಲ ಒಂದೇ ಕಡೆಗೆ ಒಂದೇ ಅಷ್ಟು ಸರಿದಿದ್ದರೆ ತೂತುಗಳು ಸರಿಯಿವೆ, ಎ1, ಎ2 ಹೊಡೆದ ಸೆಟ್ಟಿಂಗಿನ ಸೊನ್ನೆ ಬೇರೆ. ದೂರ ಹೋದಷ್ಟೂ ತಪ್ಪು ಬೆಳೆಯುತ್ತಿದ್ದರೆ ಯಾರೋ ಅಬ್ಸಲ್ಯೂಟ್ ಬಿಟ್ಟು ಇನ್‌ಕ್ರಿಮೆಂಟಲ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ ಡ್ರಿಲ್ ಮಾಡಿರಬಹುದು: ಡ್ರಾಯಿಂಗಿನಿಂದ ತೆಗೆದುಹಾಕಿದ್ದ ಚೈನು ಮೆಷಿನ್ನಿನ ಹತ್ತಿರ ವಾಪಸ್ ಬಂದಿದೆ.